ಸ್ಟೇಟ್‌ಮೆಂಟಿನ ಚಿತ್ರದಿಂದ ತಿಂಗಳ ನಿಜವಾದ ಖರ್ಚನ್ನು ಲೆಕ್ಕ ಹಾಕುವ ಬಗೆ

ಪ್ರಶ್ನೆ: ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟಿನ ಫೋಟೊ ಮಾತ್ರ ಇದೆ. ಖರೀದಿ, ಶುಲ್ಕ, ಬಡ್ಡಿ, ನಾನು ಕಟ್ಟಿದ ಹಣ ಎಲ್ಲ ಒಂದರೊಳಗೊಂದು ಸೇರಿಹೋಗಿದೆ. ಆ ತಿಂಗಳು ನಿಜಕ್ಕೂ ಎಷ್ಟು ಖರ್ಚಾಯಿತು ಅಂತ ಹೇಗೆ ಕಂಡುಹಿಡಿಯೋದು?

ಉತ್ತರ: ಮೊದಲು ಚಿತ್ರದ ಬಲ ಅಂಚನ್ನು ನೋಡಿ. ನಮ್ಮ ಹಲವು ಬ್ಯಾಂಕುಗಳ ಸ್ಟೇಟ್‌ಮೆಂಟಿನಲ್ಲಿ ಖರ್ಚಿನ ಮೊತ್ತದ ಪಕ್ಕದಲ್ಲಿ ಯಾವ ಗುರುತೂ ಇರುವುದಿಲ್ಲ. ಜಮೆಯಾದ ಮೊತ್ತದ ಪಕ್ಕದಲ್ಲಿ ಮಾತ್ರ ಸಣ್ಣದಾಗಿ `Cr` ಎಂದಿರುತ್ತದೆ. ಫೋಟೊ ತೆಗೆಯುವಾಗ ಕಾಗದದ ಅಂಚು ಸ್ವಲ್ಪ ಕತ್ತರಿಸಿಹೋದರೂ ಸಾಕು, ನೀವು ಕಟ್ಟಿದ ಹಣವೂ ಅಂಗಡಿಯಲ್ಲಿ ಖರ್ಚಾದ ಹಣದಂತೆಯೇ ಕಾಣುತ್ತದೆ. ಆದ್ದರಿಂದ ಮೊತ್ತಗಳ ಬಲಕ್ಕೆ ಖಾಲಿ ಜಾಗ ಕಾಣುವಂತೆ, ಎಲ್ಲ ಪುಟಗಳ ಚಿತ್ರವೂ ಇರುವಂತೆ ನೋಡಿಕೊಳ್ಳಿ. ಬೇರೆಯವರಿಗೆ ಕಳುಹಿಸುವುದಾದರೆ ಕಾರ್ಡಿನ ಸಂಖ್ಯೆಯನ್ನು ಮುಚ್ಚಿ.

ಮುಂದಿನ ಹೆಜ್ಜೆಗಳನ್ನು ಒಂದು ಉದಾಹರಣೆಯ ಮೂಲಕವೇ ಹೇಳುತ್ತೇನೆ. ನನ್ನ ತಂಗಿ ತನ್ನ ಸ್ಟೇಟ್‌ಮೆಂಟಿನ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, "ಅಣ್ಣಾ, ಈ ಸಲ ಇಪ್ಪತ್ತೈದು ಸಾವಿರ ಖರ್ಚಾಗಿದೆ, ಆದರೆ ಇಷ್ಟು ಯಾವುದಕ್ಕೆ ಹೋಯಿತು ಅಂತ ಗೊತ್ತಾಗುತ್ತಿಲ್ಲ" ಎಂದಿದ್ದಳು. ಅವಳು ನೋಡಿದ್ದು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿದ್ದ ಒಟ್ಟು ಬಾಕಿಯನ್ನು. ಮಾರ್ಚ್ 16ರಿಂದ ಏಪ್ರಿಲ್ 15ರವರೆಗಿನ ಆ ಸ್ಟೇಟ್‌ಮೆಂಟಿನ ಸಾರಾಂಶದಲ್ಲಿ ಐದು ಅಂಕಿಗಳಿದ್ದವು: ಹಿಂದಿನ ಬಾಕಿ 24,860.00, ಪಾವತಿ ಮತ್ತು ಜಮೆ 35,519.00, ಖರೀದಿ ಮತ್ತು ಇತರ ಖರ್ಚು 34,555.09, ಬಡ್ಡಿ 1,342.00, ಒಟ್ಟು ಬಾಕಿ 25,238.09. ಇವುಗಳಲ್ಲಿ ಯಾವೊಂದೂ ಅವಳ ತಿಂಗಳ ಖರ್ಚಲ್ಲ. ಒಟ್ಟು ಬಾಕಿಯಲ್ಲಿ ಹಳೆಯ ಸಾಲವೂ ಸೇರಿದೆ, ಕಟ್ಟಿದ ಹಣವೂ ಕಳೆದಿದೆ. ಇನ್ನು ಖರೀದಿಯ ಮೊತ್ತವನ್ನು ಹೆಸರು ನೋಡಿ ನಂಬುವಂತಿಲ್ಲ, ಏಕೆಂದರೆ ಶುಲ್ಕ, ಜಿಎಸ್‌ಟಿ, ಇಎಂಐ ಕಂತುಗಳೆಲ್ಲವನ್ನೂ ಅದೇ ತಲೆಬರಹದ ಕೆಳಗೆ ತುಂಬಿರುತ್ತಾರೆ.

ಆದರೂ ಸಾರಾಂಶದ ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಚಿತ್ರವನ್ನು ಸರಿಯಾಗಿ ಓದಿದ್ದೇವೆಯೇ ಎಂಬುದಕ್ಕೆ ಅವೇ ಸಾಕ್ಷಿ. ಹಿಂದಿನ ಬಾಕಿಯಿಂದ ಜಮೆಗಳನ್ನು ಕಳೆದು, ಖರ್ಚನ್ನೂ ಬಡ್ಡಿಯನ್ನೂ ಕೂಡಿದರೆ ಒಟ್ಟು ಬಾಕಿ ಪೈಸೆಯೂ ತಪ್ಪದಂತೆ ಬರಬೇಕು. ಬಳಿಕ ಒಳಪುಟದ ಸಾಲುಗಳನ್ನು ಒಂದೊಂದಾಗಿ ಬರೆದುಕೊಳ್ಳಿ. ತಂಗಿಯ ಸ್ಟೇಟ್‌ಮೆಂಟಿನಲ್ಲಿದ್ದ ಸಾಲುಗಳು ಇವು:

- ದಿನಸಿ 3,240.00
- ಮೊಬೈಲ್ ಫೋನ್ 18,000.00
- ಎರಡು ಸೀರೆ 4,998.00
- ಪೆಟ್ರೋಲ್ 2,023.60
- ಔಷಧಿ 1,180.00
- ವಿದ್ಯುತ್ ಬಿಲ್ 1,464.00
- ಇಎಂಐ ಅಸಲು 2,907.61, ಇಎಂಐ ಬಡ್ಡಿ 225.00, ಇಎಂಐ ಸಂಸ್ಕರಣಾ ಶುಲ್ಕ 199.00
- ಬಾಕಿಯ ಮೇಲಿನ ಬಡ್ಡಿ 1,342.00
- ಜಿಎಸ್‌ಟಿ 241.56, 40.50, 35.82
- ಪಾವತಿ 15,000.00 `Cr`
- ಇಎಂಐಗೆ ವರ್ಗ 18,000.00 `Cr`
- ಸೀರೆ ವಾಪಸ್ 2,499.00 `Cr`
- ಇಂಧನ ಸರ್ಚಾರ್ಜ್ ವಿನಾಯಿತಿ 20.00 `Cr`

ನಾನು ಮೊದಲ ಸಲ ಕೂಡಿದಾಗ ಒಟ್ಟು ಬಾಕಿ ಸರಿಯಾದುದಕ್ಕಿಂತ ನಿಖರವಾಗಿ 4,998 ರೂಪಾಯಿ ಹೆಚ್ಚು ಬಂತು. ಎರಡು ಸೀರೆಯ ಬೆಲೆಯೂ ಅಷ್ಟೇ ಇದ್ದುದರಿಂದ ಆ ಸಾಲನ್ನೇ ಎರಡು ಸಲ ಬರೆದಿರಬೇಕೆಂದು ಹುಡುಕಿದೆ, ಆದರೆ ಆ ಸಾಲು ಒಂದೇ ಸಲ, ಸರಿಯಾಗಿಯೇ ಇತ್ತು. ತಪ್ಪು ಇದ್ದದ್ದು ಸೀರೆ ವಾಪಸಾದ ಸಾಲಿನಲ್ಲಿ: ಅದರ `Cr` ಕಾಗದದ ಮಡಿಕೆಯಲ್ಲಿ ಅಡಗಿ, ನಾನು 2,499 ರೂಪಾಯಿಯನ್ನು ಕಳೆಯುವ ಬದಲು ಕೂಡಿದ್ದೆ. ಕಳೆಯಬೇಕಾದುದನ್ನು ಕೂಡಿದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟಾಗುತ್ತದೆ. ಆದ್ದರಿಂದ ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸದ ಅರ್ಧದಷ್ಟು ಮೊತ್ತ ಯಾವ ಸಾಲಿನಲ್ಲಿದೆ ಎಂದು ಮೊದಲು ಹುಡುಕಿ. ವ್ಯತ್ಯಾಸ 50, 500, 5,000 ಹೀಗೆ ಬಂದರೆ 3ನ್ನು 8 ಎಂದೋ 8ನ್ನು 3 ಎಂದೋ ಓದಿರುವ ಸಂಭವ ಹೆಚ್ಚು; ಮಸುಕಾದ ಚಿತ್ರದಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ.

ಬಡ್ಡಿ ಮತ್ತು ಶುಲ್ಕದ ಸಾಲುಗಳಿಗೆ ಇನ್ನೂ ಒಂದು ಒಳ್ಳೆಯ ಪರೀಕ್ಷೆಯಿದೆ. ಇವುಗಳ ಮೇಲೆ ಶೇಕಡಾ 18ರಷ್ಟು ಜಿಎಸ್‌ಟಿ ಬೀಳುತ್ತದೆ. ಬಡ್ಡಿ 1,342 ಇದೆಯೋ 1,842 ಇದೆಯೋ ಕಣ್ಣಿಗೆ ಗೊತ್ತಾಗದಿದ್ದರೆ ತೆರಿಗೆಯ ಸಾಲಾದ 241.56ನ್ನು 0.18ರಿಂದ ಭಾಗಿಸಿ; 1,342 ಬರುತ್ತದೆ. ಅದೇ ರೀತಿಯಲ್ಲಿ 40.50 ಎಂಬುದು 225ರ ಬಡ್ಡಿಗೂ 35.82 ಎಂಬುದು 199ರ ಶುಲ್ಕಕ್ಕೂ ಸೇರಿದ್ದು. ಯಾವ ತೆರಿಗೆ ಯಾವುದರದ್ದು ಎಂದು ಹೀಗೆ ಜೋಡಿ ಮಾಡಿದ ಮೇಲೆ ಒಂಟಿಯಾಗಿ ಉಳಿದ ತೆರಿಗೆಯ ಸಾಲೇನಾದರೂ ಇದ್ದರೆ, ನೀವು ಒಂದು ಶುಲ್ಕವನ್ನು ಕಣ್ತಪ್ಪಿಸಿಕೊಂಡಿದ್ದೀರಿ ಎಂದೇ ಅರ್ಥ. ಕೆಲವು ಸ್ಟೇಟ್‌ಮೆಂಟುಗಳಲ್ಲಿ ತೆರಿಗೆ ಒಂದೇ ಸಾಲಿನಲ್ಲಿರದೆ ಶೇಕಡಾ 9ರಂತೆ ಎರಡು ಸಾಲುಗಳಾಗಿ ಒಡೆದಿರಬಹುದು.

ಇನ್ನು ವಿಂಗಡಣೆ. ತಂಗಿ ಕಟ್ಟಿದ 15,000 ರೂಪಾಯಿ ಹಳೆಯ ಸಾಲದ ಮರುಪಾವತಿ, ಅದನ್ನು ಖರ್ಚಿಗೆ ಕೂಡಲೂ ಬಾರದು, ಖರ್ಚಿನಿಂದ ಕಳೆಯಲೂ ಬಾರದು. ಮನೆಖರ್ಚಿನ ಲೆಕ್ಕವನ್ನು ಬ್ಯಾಂಕ್ ಪಾಸ್‌ಬುಕ್ಕಿನಿಂದಲೂ ಬರೆಯುವವರು ಅಲ್ಲಿ ಕಾಣುವ ಇದೇ 15,000ವನ್ನು ಬಿಟ್ಟುಬಿಡಬೇಕು, ಇಲ್ಲದಿದ್ದರೆ ಒಂದೇ ಖರ್ಚು ಎರಡು ಸಲ ಬರುತ್ತದೆ. ಸೀರೆಯ 2,499 ಕೂಡ `Cr` ಆಗಿಯೇ ಬಂದಿದ್ದರೂ ಅದು ಪಾವತಿಯಲ್ಲ, ವಾಪಸಾದ ಖರೀದಿ. ಆದ್ದರಿಂದ ಅದನ್ನು ಸೀರೆಯ ಮೊತ್ತದಿಂದ ಕಳೆಯಬೇಕು. ಎಲ್ಲ `Cr` ಸಾಲುಗಳನ್ನೂ ಪಾವತಿ ಎಂದು ಒಂದೇ ಬುಟ್ಟಿಗೆ ಹಾಕುವುದು ನಾನು ಹೆಚ್ಚಾಗಿ ಕಂಡಿರುವ ತಪ್ಪು.

ಪೆಟ್ರೋಲಿನ ಸಾಲು ಚಿಕ್ಕದಾದರೂ ಸ್ವಲ್ಪ ಬಿಡಿಸಿ ನೋಡಬೇಕು. ಬಂಕಿನಲ್ಲಿ ಹಾಕಿಸಿದ್ದು 2,000 ರೂಪಾಯಿಗೆ. ಅದರ ಮೇಲೆ ಶೇಕಡಾ 1ರ ಸರ್ಚಾರ್ಜ್ 20 ರೂಪಾಯಿ, ಸರ್ಚಾರ್ಜಿನ ಮೇಲೆ ಜಿಎಸ್‌ಟಿ 3.60 ಸೇರಿ 2,023.60 ಆಗಿದೆ. ವಿನಾಯಿತಿಯಾಗಿ ಮರಳಿದ್ದು 20 ರೂಪಾಯಿ ಮಾತ್ರ, ತೆರಿಗೆಯ 3.60 ಮರಳಿಲ್ಲ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ಇಎಂಐ. ತಂಗಿ ಫೋನನ್ನು ಪೂರ್ತಿ ಬೆಲೆಗೆ ಕೊಂಡು, ನಂತರ ಅದನ್ನು ವರ್ಷಕ್ಕೆ ಶೇಕಡಾ 15ರ ಬಡ್ಡಿಯಲ್ಲಿ 6 ಕಂತುಗಳಿಗೆ ಬದಲಾಯಿಸಿಕೊಂಡಿದ್ದಳು. ಹಾಗಾಗಿ 18,000 ಒಮ್ಮೆ ಖರ್ಚಾಗಿ, ಒಮ್ಮೆ `Cr` ಆಗಿ, ಮತ್ತೆ ಮೊದಲ ಕಂತಿನ ಅಸಲಾಗಿ ಮೂರು ವೇಷದಲ್ಲಿ ಕಾಣಿಸಿಕೊಂಡಿತು. ಆ `Cr` ಯಾರೂ ಕೊಟ್ಟ ಹಣವಲ್ಲ. ಬ್ಯಾಂಕು ಬಾಕಿಯನ್ನು ಕಾರ್ಡಿನ ಲೆಕ್ಕದಿಂದ ತೆಗೆದು ಕಂತಿನ ಸಾಲದ ಲೆಕ್ಕಕ್ಕೆ ಹಾಕಿದೆ, ಅಷ್ಟೆ. ನನ್ನ ಅಭಿಪ್ರಾಯದಲ್ಲಿ ಫೋನ್ ಕೈಗೆ ಬಂದ ತಿಂಗಳಲ್ಲೇ 18,000ವನ್ನು ಪೂರ್ತಿಯಾಗಿ ಖರ್ಚು ಎಂದು ಬರೆದು, ವರ್ಗಾವಣೆಯ ಸಾಲನ್ನೂ ಕಂತಿನ ಅಸಲನ್ನೂ ಬಿಟ್ಟುಬಿಡುವುದು ಸರಿಯಾದ ಕ್ರಮ. ಪ್ರತಿ ತಿಂಗಳೂ ಅಸಲನ್ನಷ್ಟೇ ಖರ್ಚೆಂದು ಬರೆಯುವವರೂ ಇದ್ದಾರೆ; ಹಾಗೆ ಮಾಡುವುದಾದರೆ 18,000ವನ್ನು ಎಲ್ಲಿಯೂ ಸೇರಿಸಬಾರದು. ಎರಡನ್ನೂ ಬೆರೆಸಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಹೀಗೆ ವಿಂಗಡಿಸಿದಾಗ ವಸ್ತು ಮತ್ತು ಸೇವೆಗಳಿಗೆ ಹೋದದ್ದು ದಿನಸಿ 3,240, ಫೋನ್ 18,000, ಒಂದು ಸೀರೆ 2,499, ಪೆಟ್ರೋಲ್ 2,000, ಔಷಧಿ 1,180, ವಿದ್ಯುತ್ 1,464, ಒಟ್ಟು 28,383 ರೂಪಾಯಿ. ಎರಡು ಬಡ್ಡಿ, ಒಂದು ಶುಲ್ಕ, ಎಲ್ಲ ಜಿಎಸ್‌ಟಿ ಸೇರಿ 2,087.48. ಎರಡೂ ಕೂಡಿ ಆ ತಿಂಗಳ ನಿಜವಾದ ಖರ್ಚು 30,470.48 ರೂಪಾಯಿ. ಈ ಎರಡು ಮೊತ್ತಗಳನ್ನು ಬೇರೆ ಬೇರೆಯಾಗಿಯೇ ಬರೆದಿಡಿ ಎಂದು ತಂಗಿಗೂ ಹೇಳಿದ್ದೇನೆ, ಏಕೆಂದರೆ ಎರಡನೆಯದಕ್ಕೆ ಮನೆಗೆ ಒಂದು ವಸ್ತುವೂ ಬಂದಿಲ್ಲ.

"ಹಿಂದಿನ ಬಿಲ್ಲಿನಲ್ಲಿ ಕಟ್ಟದೆ ಉಳಿದದ್ದು 9,860 ಮಾತ್ರ, ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 345 ಆಗಬೇಕಲ್ಲ, 1,342 ಹೇಗೆ ಬಂತು?" ಎಂದು ಅವಳು ಕೇಳಿದಳು. ನಿಮಗೂ ಈ ಪ್ರಶ್ನೆ ಬರಬಹುದು. ಗಡುವಿನೊಳಗೆ ಪೂರ್ತಿ ಬಾಕಿಯನ್ನು ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿಯೇ ರದ್ದಾಗುತ್ತದೆ. ಆಗ ಉಳಿದ 9,860ರ ಮೇಲಷ್ಟೇ ಅಲ್ಲ, ಹಿಂದಿನ ಬಿಲ್ಲಿನ ಪ್ರತಿಯೊಂದು ಖರೀದಿಯ ಮೇಲೂ ಅದು ನಡೆದ ದಿನದಿಂದ ಹಣ ಕಟ್ಟಿದ ದಿನದವರೆಗೆ ಬಡ್ಡಿ ಓಡುತ್ತದೆ. ಈ ತಿಂಗಳ ಹೊಸ ದಿನಸಿ, ಔಷಧಿಗಳಿಗೂ ಕೊಂಡ ದಿನದಿಂದಲೇ ಶುರುವಾಗುತ್ತದೆ. ಕನಿಷ್ಠ ಮೊತ್ತಕ್ಕಿಂತ ಹೆಚ್ಚು ಕಟ್ಟಿದ್ದರಿಂದ ಅವಳಿಗೆ ತಡಪಾವತಿ ಶುಲ್ಕ ತಪ್ಪಿತು, ಬಡ್ಡಿ ತಪ್ಪಲಿಲ್ಲ.

ಕೊನೆಗೆ ನಿಮ್ಮ ಉತ್ತರವನ್ನೇ ಪರೀಕ್ಷಿಸಿ. ಹಿಂದಿನ ಬಾಕಿಗೆ ನೀವು ಕಂಡುಕೊಂಡ ನಿಜವಾದ ಖರ್ಚನ್ನು ಕೂಡಿ, ನೀವು ಕಟ್ಟಿದ ಹಣವನ್ನು ಕಳೆಯಿರಿ: 24,860 ಕೂಡಿಸು 30,470.48 ಕಳೆ 15,000, ಅಂದರೆ 40,330.48. ಇದು ಹೊಸ ಒಟ್ಟು ಬಾಕಿ 25,238.09 ಮತ್ತು ಇನ್ನೂ ಬಿಲ್ಲಿಗೆ ಬರದ ಇಎಂಐ ಅಸಲು 15,092.39, ಇವೆರಡರ ಮೊತ್ತಕ್ಕೆ ಸಮವಾಗಿದೆ. ಇದು ತಾಳೆಯಾದರೆ ಯಾವ ಸಾಲೂ ಎರಡು ಸಲ ಬಂದಿಲ್ಲ, ಯಾವುದೂ ಬಿಟ್ಟುಹೋಗಿಲ್ಲ. ಆದರೆ ಒಂದು ಸಾಲನ್ನು ಖರೀದಿಯೆಂದು ಬರೆದಿರೋ ಶುಲ್ಕವೆಂದು ಬರೆದಿರೋ ಎಂಬುದನ್ನು ಈ ಪರೀಕ್ಷೆ ಹಿಡಿಯಲಾರದು, ಅದನ್ನು ವಿವರಣೆ ಓದಿಯೇ ತೀರ್ಮಾನಿಸಬೇಕು.

ಇದು 16ರಿಂದ 15ರವರೆಗಿನ ಬಿಲ್ಲಿನ ತಿಂಗಳ ಲೆಕ್ಕ. ನಿಮಗೆ ಏಪ್ರಿಲ್ 1ರಿಂದ 30ರವರೆಗಿನ ಖರ್ಚು ಬೇಕಿದ್ದರೆ ಮುಂದಿನ ಸ್ಟೇಟ್‌ಮೆಂಟಿನ ಚಿತ್ರವೂ ಬೇಕು. ಎರಡರಲ್ಲಿಯೂ ವ್ಯವಹಾರ ನಡೆದ ದಿನಾಂಕವನ್ನು ನೋಡಿ ಸಾಲುಗಳನ್ನು ಆರಿಸಿಕೊಳ್ಳಿ. ಮುಂದಿನ ಬಿಲ್ಲಿನಲ್ಲಿ ಫೋನಿನ ಎರಡನೆಯ ಕಂತು ಬರುತ್ತದೆ. ತಂಗಿಯ ಲೆಕ್ಕದಲ್ಲಿ ಅದರ ಅಸಲು 2,943.96ನ್ನು ಬಿಟ್ಟು, ಬಡ್ಡಿ 188.65 ಮತ್ತು ಅದರ ಜಿಎಸ್‌ಟಿ 33.96ನ್ನು ಮಾತ್ರ ಖರ್ಚಿಗೆ ಬರೆದೆವು.