ಪರಿಚಯದ ಎರಡು ನಿಮಿಷ, ಅದರಲ್ಲೊಂದು ನಗು

*ಸಂಪಾದಕರೇ, ಮೇ ಕೊನೆಗೆ ನಮ್ಮ ಸಹಕಾರ ಸಂಘದಲ್ಲಿ ಅಡಿಕೆ ಬೆಳೆಗಾರರ ಸಭೆ ಇದೆ. ಕೊಳೆರೋಗದ ಬಗ್ಗೆ ನನ್ನ ಸಹೋದ್ಯೋಗಿ ಮಾತಾಡ್ತಾರೆ, ಪರಿಚಯ ಮಾಡೋದು ನಾನು. ಯಾರ ತೋಟಕ್ಕೆ ಹೋದರೂ ಮೊದಲು ಕತ್ತಿ ಕೇಳಿ, ಔಷಧಿ ಡ್ರಮ್ಮಿಗೆ ಅದ್ದಿ ನೋಡೋ ಮನುಷ್ಯ ಅವರು. ಸ್ವಲ್ಪ ನಗಿಸಬೇಕು ಅಂತ ಆಸೆ. ಆದರೆ ಹಿಂದಿನ ಸಲ ಒಬ್ಬರು ಅವರ ಬೊಕ್ಕತಲೆ ಬಗ್ಗೆ ತಮಾಷೆ ಮಾಡಿ, ಸಭೆಯೇ ತಲೆ ತಗ್ಗಿಸೋ ಹಾಗಾಯ್ತು. ‘ತಮಾಷೆ ಬೇಡ, ಬಯೋಡೇಟಾ ಓದು’ ಅಂತಾರೆ ಹಿರಿಯರು. ಏನು ಮಾಡಲಿ?*
*— ಓದುಗಿ, ತೀರ್ಥಹಳ್ಳಿ*

ನಗಿಸಿ. ಹಿರಿಯರ ಮಾತಿನಲ್ಲೂ ಸತ್ಯವಿದೆ. ಬಯೋಡೇಟಾ ಓದಿದರೆ ಯಾರಿಗೂ ನೋವಾಗುವುದಿಲ್ಲ. ಆದರೆ ಡಿಗ್ರಿ, ಹುದ್ದೆ, ವರ್ಗಾವಣೆಯಾದ ಊರುಗಳ ಪಟ್ಟಿ ಕೇಳಿ ಯಾವ ಬೆಳೆಗಾರನೂ ಈತನ ಮಾತು ನಂಬಬಹುದು ಅಂತ ತೀರ್ಮಾನಿಸುವುದಿಲ್ಲ. ಆ ನಂಬಿಕೆ ಹುಟ್ಟಿಸುವ ಸಂಗತಿ ನಿಮ್ಮ ಪತ್ರದಲ್ಲೇ ಇದೆ. ಅದು ಆ ಕತ್ತಿ.

ಬೊಕ್ಕತಲೆಗೂ ಕತ್ತಿಗೂ ಇರುವ ವ್ಯತ್ಯಾಸ ನೋಡಿ. ತಲೆ ಅವರ ಕೈಯಲ್ಲಿಲ್ಲ, ಕೊಳೆರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕತ್ತಿ ಅದ್ದುವುದು ಅವರೇ ಬೇಕೆಂದು ಮಾಡುವ ಕೆಲಸ, ಅದರ ಬಗ್ಗೆ ಅವರಿಗೆ ಹೆಮ್ಮೆಯೂ ಇರುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಕಡಿಮೆಯಾದರೆ ಅದ್ದಿದ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಸಭೆಯಲ್ಲಿ ಕೂತವರಿಗೆ ಇದು ಗೊತ್ತು. ಹಾಗಾಗಿ ನೀವು ಇಷ್ಟೇ ಹೇಳಿ: ‘ಇವರು ನಿಮ್ಮನೆಗೆ ಬಂದರೆ ಕಾಫಿ ಕೇಳಲ್ಲ, ಕತ್ತಿ ಕೇಳ್ತಾರೆ. ಕತ್ತಿ ಕೆಂಪಾಗಲಿಲ್ಲ ಅಂದ್ರೆ ಮಾತ್ರ ಕಾಫಿ ಕುಡೀತಾರೆ.’ ಬಂದವರಿಗೆ ಮೊದಲು ಕಾಫಿ ಕೊಡುವ ಊರು ನಮ್ಮದು, ನಗು ಬಂದೇ ಬರುತ್ತದೆ. ನಕ್ಕವರಿಗೆ ಈ ಮನುಷ್ಯ ಎಷ್ಟು ಕಟ್ಟುನಿಟ್ಟು ಅನ್ನುವುದೂ ತಿಳಿದಿರುತ್ತದೆ.

ಅದೇ ಕತ್ತಿಯನ್ನು ಹೀಗೂ ಹಿಡಿಯಬಹುದು: ‘ನೀವೆಲ್ಲ ಅಂದಾಜಿಗೆ ಸುಣ್ಣ ಸುರಿಯೋದು ನೋಡಿ ಇವರಿಗೆ ತಲೆ ಕೆಟ್ಟುಹೋಗಿದೆ.’ ಇಲ್ಲಿ ತಮಾಷೆ ಸಭೆಯ ಮೇಲೆ ತಿರುಗಿತು. ಹಿಂದಿನ ಮಳೆಗಾಲದಲ್ಲಿ ಅರ್ಧ ಫಸಲು ಉದುರಿ ಹೋದವರೂ ಅಲ್ಲಿ ಕೂತಿರುತ್ತಾರೆ. ಅವರಿಗೆ ಅದು ವೇದಿಕೆಯಿಂದ ಬಂದ ಬೈಗುಳ. ದಯವಿಟ್ಟು ಆ ಕಡೆ ಹೋಗಬೇಡಿ. ಆಫೀಸಿನವರಿಗೆ ಮಾತ್ರ ಅರ್ಥವಾಗುವ ತಮಾಷೆಯೂ ಬೇಡ. ನಾಲ್ಕು ಜನ ನಕ್ಕು ಉಳಿದವರು ಪಕ್ಕದವರ ಮುಖ ನೋಡುವುದು ಒಳ್ಳೆಯದಲ್ಲ, ಅಲ್ವಾ?

ಭರತನ ನಾಟ್ಯಶಾಸ್ತ್ರದಲ್ಲಿ ನಗುವಿಗೆ ಆರು ಬಗೆ ಇವೆ. ಮೊದಲನೆಯದು ಸ್ಮಿತ, ಅದರಲ್ಲಿ ಹಲ್ಲು ಕಾಣುವುದಿಲ್ಲ. ಎರಡನೆಯದು ಹಸಿತ, ಹಲ್ಲು ಸ್ವಲ್ಪ ಕಾಣುತ್ತದೆ. ಕೊನೆಯ ಎರಡರಲ್ಲಿ ಮೈಯೆಲ್ಲ ಕುಲುಕಿ ಕಣ್ಣೀರೇ ಬರುತ್ತದೆ. ಪರಿಚಯಕ್ಕೆ ಮೊದಲಿನ ಎರಡು ಸಾಕು. ಅದಕ್ಕಿಂತ ಜಾಸ್ತಿ ನಗಿಸಿದರೆ, ಮಾತಾಡಲು ಎದ್ದು ಬಂದವರು ಆ ಗದ್ದಲ ಇಳಿಯುವ ತನಕ ಕಾಯಬೇಕು.

ಹಿಂದಿನ ದಿನ ಆ ಸಾಲನ್ನು ಅವರಿಗೆ ಇದ್ದ ಹಾಗೇ ಓದಿ ಹೇಳಿ. ‘ನಿಮ್ಮ ಬಗ್ಗೆ ಸ್ವಲ್ಪ ತಮಾಷೆ ಮಾಡಲಾ’ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಅದಕ್ಕೆ ಬೆಲೆಯಿಲ್ಲ. ಸಾಲು ಕೇಳಿ ತಕ್ಷಣ ನಕ್ಕು, ತಾವೂ ಒಂದು ಮಾತು ಸೇರಿಸಿದರೆ ಒಪ್ಪಿಗೆ. ಕೊಂಚ ತಡೆದು ‘ಆಯ್ತು ಬಿಡಿ, ಹೇಳಿ’ ಅಂದರೆ ಇಷ್ಟವಿಲ್ಲ ಅಂತ ತಿಳಿಯಿರಿ. ನಮ್ಮ ಕಡೆಯವರು ಬೇಡ ಅನ್ನುವುದೇ ಹೀಗೆ. ಕತ್ತಿಯ ಮಾತನ್ನು ಅವರೇ ಭಾಷಣದಲ್ಲಿ ಹೇಳುವವರಿದ್ದರೆ ಅವರಿಗೇ ಬಿಟ್ಟುಕೊಡಿ.

ನಗುವಿನ ಮಾತು ನಡುವೆ ಬರಲಿ. ಮೊದಲು ವಿಷಯ ಏನು, ಈಗಲೇ ಯಾಕೆ ಬೇಕು ಅನ್ನುವುದು: ಮಳೆ ಹಿಡಿಯುವ ಮುಂಚೆ ಮೊದಲ ಸಿಂಪರಣೆ ಆಗಬೇಕು, ಅದಕ್ಕೇ ಈ ಸಭೆ. ಆಮೇಲೆ ಕತ್ತಿ. ಕೊನೆಗೆ ಅವರ ಹೆಸರು, ಗಟ್ಟಿಯಾಗಿ. ಯಾರೂ ನಗದಿದ್ದರೆ ವಿವರಿಸಲು ಹೋಗಬೇಡಿ. ಅದೊಂದು ಮಾಹಿತಿ ಅನ್ನುವ ಹಾಗೆ ಮುಂದಿನ ಮಾತಿಗೆ ಹೋಗಿ. ಕತ್ತಿಯ ಮಾತಿಗೆ ಆ ಅನುಕೂಲವೂ ಇದೆ, ನಗು ಬರದಿದ್ದರೂ ಅದು ನಿಜ.

ಇದೆಲ್ಲ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಶಿವಮೊಗ್ಗ, ಸಾಗರದ ಸಭೆಗಳಲ್ಲಿ ನಾನು ನೋಡುತ್ತಿರುವುದೇ ಬೇರೆ. ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಆಮೇಲೆ ಪರಿಚಯದವರು ತಮಗೂ ಅತಿಥಿಗೂ ಇರುವ ಸ್ನೇಹದ ಕತೆ ತೆಗೆಯುತ್ತಾರೆ. ವಿಷಯ ಗೊತ್ತಿದ್ದವರು ಮೈಕಿನ ಮುಂದೆ ಬರುವ ಹೊತ್ತಿಗೆ ಹಳ್ಳಿಯಿಂದ ಬಂದವರು ಸಂಜೆ ಬಸ್ಸಿಗೆ ಚೀಲ ಹಿಡಿದು ಎದ್ದಿರುತ್ತಾರೆ. ಕೇಳಲೆಂದೇ ಬಂದವರಿಗೆ ಕೇಳುವ ಮಾತೇ ಸಿಗದೆ ಕಳಿಸುವುದು ನನಗೆ ನಿಜವಾಗಿಯೂ ಸಿಟ್ಟು ತರಿಸುವ ಸಂಗತಿ. ನಿಮ್ಮ ಹಿರಿಯರು ತಡೆಯಬೇಕಾದದ್ದು ಇದನ್ನು.