ಉದ್ದ ನಿಂತ ಪರದೆಗೆ ಅಡ್ಡ ಸ್ಲೈಡ್ ಒಗ್ಗುವುದಿಲ್ಲ

ಪ್ರಶ್ನೆ: ಚಿಕ್ಕಬಳ್ಳಾಪುರದ ನಮ್ಮ ಆಸ್ಪತ್ರೆಯ ಲಾಬಿಯಲ್ಲೂ ಕಾರಿಡಾರಿನಲ್ಲೂ ಉದ್ದಕ್ಕೆ ನಿಲ್ಲಿಸಿದ ಟಿವಿಗಳನ್ನು ಹಾಕಿದ್ದಾರೆ. ಪವರ್‌ಪಾಯಿಂಟ್‌ನಲ್ಲಿ ಮಾಡಿದ ಅಡ್ಡ ಸ್ಲೈಡ್‌ಗಳು ಸಿದ್ಧವಾಗಿವೆ. ಅವನ್ನು ಉದ್ದಕ್ಕೆ ಬದಲಿಸುವ ಸುಲಭ ದಾರಿ ಯಾವುದು? ಪವರ್‌ಪಾಯಿಂಟ್ ಸಾಕೇ, ಕ್ಯಾನ್ವಾ ಬೇಕೇ?

ಬದಲಿಸಬೇಡಿ. ಆ ಸ್ಲೈಡ್‌ಗಳಲ್ಲಿರುವ ಮಾಹಿತಿಯನ್ನು ಮಾತ್ರ ಇಟ್ಟುಕೊಂಡು, ಪುಟವನ್ನು ಮೊದಲಿನಿಂದ ಕಟ್ಟಿ. ಯಾವ ತಂತ್ರಾಂಶ ಎಂಬುದು ಇಲ್ಲಿ ಕೊನೆಯ ಪ್ರಶ್ನೆ.

ತುಮಕೂರಿನಲ್ಲಿ ನಮ್ಮದೊಂದು ಚಿಕ್ಕ ವಿನ್ಯಾಸದ ಅಂಗಡಿ. ಕೆಲವು ವರ್ಷಗಳ ಹಿಂದೆ ಊರಿನ ಒಂದು ಖಾಸಗಿ ಆಸ್ಪತ್ರೆಯವರು ಇದೇ ಕೆಲಸ ಕೊಟ್ಟರು. 43 ಇಂಚಿನ ಪರದೆಗಳು, ಒಂದು ಲಾಬಿಯಲ್ಲಿ, ಉಳಿದವು ಕಾರಿಡಾರಿನಲ್ಲಿ. ವೈದ್ಯರ ಹೆಸರು, ವಿಭಾಗ, ಕೊಠಡಿ, ದಿನ, ಸಮಯ, ದೂರವಾಣಿ ಎಲ್ಲವೂ ಇದ್ದ ಹೊರರೋಗಿ ವಿಭಾಗದ ದೊಡ್ಡ ಕೋಷ್ಟಕವೊಂದು ಅವರ ಬಳಿ ಅಡ್ಡ ಸ್ಲೈಡಿನಲ್ಲಿ ಆಗಲೇ ಇತ್ತು. ನಾವು Slide Size ತೆರೆದು ಅಗಲವನ್ನೂ ಎತ್ತರವನ್ನೂ ಅದಲುಬದಲು ಮಾಡಿದೆವು. ಪವರ್‌ಪಾಯಿಂಟ್ Maximize ಬೇಕೇ, Ensure Fit ಬೇಕೇ ಎಂದು ಕೇಳಿತು. Ensure Fit ಒತ್ತಿದೆವು, ಹಿನ್ನೆಲೆಗೆ ಬಣ್ಣ ತುಂಬಿದೆವು, ಕಳುಹಿಸಿದೆವು. ಆ ಕೆಲಸದ ಹಣ ಬರಲಿಲ್ಲ, ಇಡೀ ಕೆಲಸವನ್ನು ಮತ್ತೆ ಮಾಡಿಕೊಡಬೇಕಾಯಿತು. ಆ ಒಂದು ಗುಂಡಿ ಏನು ಮಾಡಿತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಒತ್ತಲು ಹೊರಟಿದ್ದೀರಿ.

ಅಡ್ಡ ಪರದೆ 1920 ಪಿಕ್ಸೆಲ್ ಅಗಲ, 1080 ಎತ್ತರ. ನಿಲ್ಲಿಸಿದರೆ ಅಗಲ 1080 ಮಾತ್ರ. ಅಡ್ಡ ಸ್ಲೈಡನ್ನು ಈ 1080ರೊಳಗೆ ಕೂರಿಸಿದರೆ ಅದರ ಎತ್ತರ ಸುಮಾರು 608ಕ್ಕೆ ಇಳಿಯುತ್ತದೆ. ಅಂದರೆ 1920 ಎತ್ತರದ ಪರದೆಯಲ್ಲಿ ಮೂರರಲ್ಲಿ ಒಂದು ಭಾಗವೂ ಅಲ್ಲದ ಒಂದು ಪಟ್ಟಿ. ಮೇಲೂ ಕೆಳಗೂ ಬರೀ ಬಣ್ಣ. ಇದಕ್ಕಿಂತ ದೊಡ್ಡ ಹಾನಿ ಅಕ್ಷರಕ್ಕೆ. ಕೋಷ್ಟಕದ ಅಕ್ಷರ 18 ಪಾಯಿಂಟ್ ಇತ್ತು. ಅಡ್ಡ ಪರದೆಯಲ್ಲಿ ಅದು 36 ಪಿಕ್ಸೆಲ್, ಕುಗ್ಗಿದ ಮೇಲೆ 20. ನಿಲ್ಲಿಸಿದ 43 ಇಂಚಿನ ಪರದೆಯ ಅಗಲ ಸುಮಾರು 53.5 ಸೆಂಟಿಮೀಟರ್, ಹಾಗಾಗಿ 20 ಪಿಕ್ಸೆಲ್ ಎಂದರೆ ಒಂದು ಸೆಂಟಿಮೀಟರ್. ಕನ್ನಡ ಫಾಂಟಿನಲ್ಲಿ ಆ ಒಂದು ಸೆಂಟಿಮೀಟರೂ ಅಕ್ಷರದ ಪಾಲಿಗೆ ಬರುವುದಿಲ್ಲ. ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಜಾಗ ಬಿಟ್ಟ ಮೇಲೆ ಮೂಲಾಕ್ಷರಕ್ಕೆ ಉಳಿಯುವುದು ಸುಮಾರು ಅರ್ಧ. ಅರ್ಧ ಸೆಂಟಿಮೀಟರ್ ಎತ್ತರದ ಅಕ್ಷರ, ಅದರ ಅಡಿಯಲ್ಲಿ ಇನ್ನೂ ಚಿಕ್ಕದಾದ ಒತ್ತು. ‘ಸ್ತ್ರೀರೋಗ’ ಎಂಬ ಪದವನ್ನು ಆ ಗಾತ್ರದಲ್ಲಿ ಬರೆದು ನೋಡಿ. ತ ಒತ್ತು, ರ ಒತ್ತು, ದೀರ್ಘ ಎಲ್ಲವೂ ಒಂದಕ್ಕೊಂದು ಅಂಟಿ ಬರೀ ಕಲೆಯಂತೆ ಕಾಣುತ್ತದೆ. ಅದೇ ಗಾತ್ರದ ಇಂಗ್ಲಿಷ್ ಹೇಗೋ ಓದಿಸಿಕೊಳ್ಳುತ್ತದೆ, ಕನ್ನಡ ಓದಿಸಿಕೊಳ್ಳುವುದಿಲ್ಲ. ಇಂಗ್ಲಿಷಿನವರು ಹೇಳುವ ಫಾಂಟ್ ಅಳತೆಗಳನ್ನು ನೇರವಾಗಿ ನಂಬಬೇಡಿ ಎನ್ನುವುದು ಇದಕ್ಕೇ.

ಫಲಕ ಬರೆಯುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಅಕ್ಷರ, ಅಂದರೆ 3 ಮೀಟರಿಗೆ 25 ಮಿಲಿಮೀಟರ್. ಆ ಲೆಕ್ಕದಲ್ಲಿ ನಮ್ಮ ಅರ್ಧ ಸೆಂಟಿಮೀಟರ್ ಅಕ್ಷರ ಸಲೀಸಾಗಿ ಓದಿಸುವುದು 60 ಸೆಂಟಿಮೀಟರಿನಿಂದ. ಲಾಬಿಯ ಕುರ್ಚಿಗಳು 4 ಮೀಟರ್ ದೂರದಲ್ಲಿದ್ದವು. ಶಿರಾ, ಮಧುಗಿರಿ, ಪಾವಗಡದಿಂದ ಬೆಳಗಿನ ಬಸ್ಸಿಗೆ ಬಂದ ಹಿರಿಯರು ಎದ್ದು ಹೋಗಿ, ಪರದೆಗೆ ಮುಖ ತಾಗುವಷ್ಟು ಹತ್ತಿರ ನಿಂತು, ಓದಲಾಗದೆ ಮತ್ತೆ ಕೌಂಟರಿನಲ್ಲಿ ಕೇಳುತ್ತಿದ್ದರು. ನಮಗೆ ಇದು ಮೊದಲೇ ಏಕೆ ತಿಳಿಯಲಿಲ್ಲ ಎಂದರೆ, ನಾವು ನೋಡಿದ್ದು ಮೇಜಿನ ಮೇಲಿನ ಮಾನಿಟರಿನಲ್ಲಿ, ಎದುರಿಗೇ ಕುಳಿತು. ಅಷ್ಟು ಹತ್ತಿರದಿಂದ ಯಾವ ಸ್ಲೈಡೂ ಚೆನ್ನಾಗಿಯೇ ಕಾಣುತ್ತದೆ.

ಈಗ ನಾನು ಮಾಡುವ ಪರೀಕ್ಷೆ ಇದು. ಸ್ಲೈಡಿನ ಚಿತ್ರವನ್ನು ಮೊಬೈಲಿಗೆ ಡಾಕ್ಯುಮೆಂಟ್ ಆಗಿ ಕಳುಹಿಸುತ್ತೇನೆ, ಫೋಟೊ ಆಗಿ ಕಳುಹಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ. ಮಾಮೂಲಿ ಮೊಬೈಲಿನಲ್ಲಿ ಆ ಚಿತ್ರ ಸುಮಾರು 12 ಸೆಂಟಿಮೀಟರ್ ಎತ್ತರ ಕಾಣುತ್ತದೆ. ಮೊಬೈಲನ್ನು ಕಣ್ಣಿನಿಂದ ಅರ್ಧ ಮೀಟರ್ ದೂರ ಹಿಡಿಯಿರಿ. 43 ಇಂಚಿನ ಪರದೆಯನ್ನು 4 ಮೀಟರ್ ದೂರದಿಂದ ನೋಡಿದಷ್ಟೇ ಗಾತ್ರ ಅದು. ಅಲ್ಲಿ ಕಣ್ಣು ಕಿರಿದು ಮಾಡಬೇಕಾದ ಸಾಲು ಯಾವುದೋ, ಆಸ್ಪತ್ರೆಯಲ್ಲಿ ಆ ಸಾಲನ್ನು ಯಾರೂ ಓದುವುದಿಲ್ಲ. ನಿಮ್ಮ ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿದರೆ ಇನ್ನೂ ಒಳ್ಳೆಯದು.

ಎರಡನೆಯ ಸಲ ಹೇಗೆ ಮಾಡಿದೆವು ಎಂದರೆ, ಮೊದಲು ಕೋಷ್ಟಕವನ್ನೇ ಬಿಟ್ಟೆವು. ಕೋಷ್ಟಕಕ್ಕೆ ಅಗಲ ಬೇಕು. ನಿಂತ ಪರದೆಯಲ್ಲಿ ಇಲ್ಲದ್ದೇ ಅದು. ಅಲ್ಲಿರುವುದು ಎತ್ತರ, ಹಾಗಾಗಿ ಒಂದರ ಕೆಳಗೊಂದು ಸಾಲುಗಳು ಸಹಜವಾಗಿ ಕೂರುತ್ತವೆ. ದೂರವಾಣಿ ಸಂಖ್ಯೆ ತೆಗೆದೆವು, ಆಸ್ಪತ್ರೆಯೊಳಗೆ ಕುಳಿತವರಿಗೆ ಅದು ಬೇಡ. ವೈದ್ಯರ ಪದವಿಗಳ ಸಾಲನ್ನೂ ತೆಗೆದೆವು. ಆಡಳಿತದವರು ಒಪ್ಪಲು ತಡಮಾಡಿದರು, ಆದರೂ ನಾನು ಪಟ್ಟು ಬಿಡಲಿಲ್ಲ. ಕುಳಿತವರಿಗೆ ಬೇಕಾದದ್ದು ಯಾವ ವಿಭಾಗ, ಯಾವ ಕೊಠಡಿ, ಎಷ್ಟು ಹೊತ್ತಿಗೆ, ಇಷ್ಟೇ.

ಲೆಕ್ಕ ಹೀಗೆ. 1920 ಪಿಕ್ಸೆಲ್ ಎತ್ತರದಲ್ಲಿ ಮೇಲಿನ 260 ಶೀರ್ಷಿಕೆಗೆ. ಕೆಳಗಿನ 300ರಲ್ಲಿ ಮುಖ್ಯವಾದದ್ದು ಏನೂ ಇಲ್ಲ. ಚೀಟಿ ಮಾಡಿಸಲು ಸಾಲು ನಿಂತವರು ಆ ಭಾಗವನ್ನು ಹೇಗೂ ಮರೆಮಾಡುತ್ತಾರೆ, ಗಡಿಯಾರವೋ ಲಾಂಛನವೋ ಅಲ್ಲಿರಲಿ. ಉಳಿದ 1360ರಲ್ಲಿ ನಾಲ್ಕು ವಿಭಾಗ, ಒಂದಕ್ಕೆ 340. ವಿಭಾಗದ ಹೆಸರು 110 ಪಿಕ್ಸೆಲ್, ಅದರ ಕೆಳಗೆ ದಿನ ಮತ್ತು ಸಮಯ 72 ಪಿಕ್ಸೆಲ್. ಸಾಲಿನ ಅಂತರ 1.4 ಪಟ್ಟು ಇಟ್ಟರೆ ಎರಡಕ್ಕೂ ಸೇರಿ 255 ಸಾಕು, ಮಿಕ್ಕ 85 ಎರಡು ವಿಭಾಗಗಳ ನಡುವಿನ ಖಾಲಿ ಜಾಗ. ಸಾಲಿನ ಅಂತರದಲ್ಲಿ ಜಿಪುಣತನ ಬೇಡ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿದರೆ ಎರಡೂ ಸಾಲು ಕೆಡುತ್ತವೆ. 110 ಪಿಕ್ಸೆಲ್‌ನಲ್ಲಿ ‘ಮೂಳೆ ಮತ್ತು ಕೀಲು’ ಒಂದೇ ಸಾಲಿನಲ್ಲಿ ಹಿಡಿದು, ಬಲಗಡೆ ಕೊಠಡಿ ಸಂಖ್ಯೆಗೆ ಜಾಗ ಉಳಿಯಿತು. ‘ವಿಭಾಗ’ ಎಂಬ ಪದವನ್ನು ಪ್ರತಿ ಸಾಲಿನಿಂದಲೂ ತೆಗೆದು ಶೀರ್ಷಿಕೆಯಲ್ಲಿ ಒಮ್ಮೆ ಬರೆದೆವು. ಕೊಠಡಿ ಸಂಖ್ಯೆಯನ್ನು ಮಾತ್ರ ಇನ್ನೂ ದಪ್ಪಗೆ ಬರೆದೆವು, ಓದು ಬಾರದವರೂ ಅಂಕಿ ಗುರುತಿಸುತ್ತಾರೆ. 4 ಮೀಟರಿಗೆ ಆ ಹಳೆಯ ಲೆಕ್ಕ ಕೇಳುವುದು ಈ 110 ಪಿಕ್ಸೆಲ್‌ಗಿಂತ ಸ್ವಲ್ಪ ದೊಡ್ಡ ಅಕ್ಷರವನ್ನು. ಆದರೆ ಲೆಕ್ಕದ ಅರ್ಧಕ್ಕಿಂತ ಕೆಳಗೆ ಯಾವ ಸಾಲೂ ಇಳಿಯಬಾರದು ಎಂದು ಗೆರೆ ಎಳೆದುಕೊಂಡಿದ್ದೇನೆ, ಸಮಯದ ಸಾಲು ಆ ಗೆರೆಯ ಮೇಲೇ ಇದೆ.

ಹನ್ನೆರಡು ವಿಭಾಗ ಮೂರು ಸ್ಲೈಡಿಗೆ ಬಂತು. ಒಂದೊಂದು 12 ಸೆಕೆಂಡು ನಿಂತರೆ, 36 ಸೆಕೆಂಡಿಗೆ ಎಲ್ಲವೂ ಒಂದು ಸುತ್ತು ಬರುತ್ತದೆ. ಸ್ಲೈಡಿನ ಮಾತನ್ನು ಒಮ್ಮೆ ಗಟ್ಟಿಯಾಗಿ ಓದಿ, ಎಷ್ಟು ಹೊತ್ತಾಯಿತೋ ಅಷ್ಟು ಹೊತ್ತು ನಿಲ್ಲಿಸಿ. ನಡುವೆ ಶುಭಾಶಯ, ಜಾಹೀರಾತು ತುರುಕಿದರೆ ಆ ಸುತ್ತು ಉದ್ದವಾಗುತ್ತದೆ, ಕಾಯುವವರು ಪರದೆ ಬಿಟ್ಟು ಕೌಂಟರಿಗೇ ಹೋಗುತ್ತಾರೆ.

ಕಾರಿಡಾರಿಗೆ ಈ ಸ್ಲೈಡ್‌ಗಳನ್ನೇ ಹಾಕಬೇಡಿ. ಅಲ್ಲಿ ಜನ ನಡೆಯುತ್ತಿರುತ್ತಾರೆ. 5 ಮೀಟರ್ ದೂರದಿಂದ ಕಣ್ಣಿಗೆ ಬಿದ್ದ ಪರದೆಯನ್ನು ಅವರು ಸುಮಾರು 4 ಸೆಕೆಂಡಿನಲ್ಲಿ ದಾಟಿಬಿಡುತ್ತಾರೆ. ಪರದೆ ಪಕ್ಕದ ಗೋಡೆಗೆ ಅಂಟಿದ್ದರೆ ಓರೆಯಿಂದ ನೋಡುವವರಿಗೆ ಅದರ ಅಗಲ ಅರ್ಧಕ್ಕೂ ಕಡಿಮೆಯಾಗಿ ಕಾಣುತ್ತದೆ, ಎತ್ತರ ಹಾಗೇ ಇರುತ್ತದೆ, ಅಕ್ಷರಗಳು ಒತ್ತೊತ್ತಾಗುತ್ತವೆ. ಹಾಗಾಗಿ ಬದಲಾಗದ ಒಂದೇ ಸ್ಲೈಡ್, ಎರಡು ಅಥವಾ ಮೂರು ಹೆಸರು, ಪಕ್ಕದಲ್ಲಿ ಬಾಣ. ಬಾಣವಿರುವ ಸ್ಲೈಡನ್ನು ಪ್ರತಿ ಪರದೆಗೂ ಬೇರೆಯಾಗಿ ಮಾಡಿ. ಎದುರುಬದುರು ಗೋಡೆಗಳಿಗೆ ಒಂದೇ ಕಡತ ಹಾಕಿದರೆ ಒಂದು ಎಕ್ಸ್‌ರೇ ಕಡೆಗೂ ಇನ್ನೊಂದು ಶೌಚಾಲಯದ ಕಡೆಗೂ ಕಳುಹಿಸುತ್ತದೆ. ಕಡತದ ಹೆಸರಿನಲ್ಲೇ ಗೋಡೆಯ ಹೆಸರನ್ನು ಸೇರಿಸಿ.

ಇನ್ನು ನಿಮ್ಮ ತಂತ್ರಾಂಶದ ಮಾತು. ಪವರ್‌ಪಾಯಿಂಟ್ ಧಾರಾಳವಾಗಿ ಸಾಕು. ಹೊಸ ಕಡತ ತೆರೆದು Custom Slide Size ನಲ್ಲಿ ಅಗಲ 11.25 ಇಂಚು, ಎತ್ತರ 20 ಇಂಚು ಕೊಡಿ. ಈ ಅಳತೆಗೆ ಕಾರಣವಿದೆ: ಪವರ್‌ಪಾಯಿಂಟ್ ಸ್ಲೈಡನ್ನು PNG ಮಾಡುವಾಗ ಸಾಮಾನ್ಯವಾಗಿ ಇಂಚಿಗೆ 96 ಪಿಕ್ಸೆಲ್ ಇಡುತ್ತದೆ, ಹಾಗಾಗಿ ಸರಿಯಾಗಿ 1080×1920 ಬರುತ್ತದೆ. 7.5 ಮತ್ತು 13.333 ಎಂದು ಬಿಟ್ಟರೆ 720×1280 ಬಂದು, ಪರದೆಯಲ್ಲಿ ಹಿಗ್ಗಿ ಅಂಚುಗಳು ಮಸುಕಾಗುತ್ತವೆ. ಈ ಅಳತೆಯಲ್ಲಿ ಪಿಕ್ಸೆಲ್‌ನ ಮುಕ್ಕಾಲು ಪಾಲು ಪಾಯಿಂಟ್: 110 ಪಿಕ್ಸೆಲ್‌ಗೆ 82, 72ಕ್ಕೆ 54. ಕಡತವನ್ನು ಹಾಗೆಯೇ ಕೊಡದೆ ಚಿತ್ರವಾಗಿಯೇ ಕೊಡಿ. ನಮಗೆ ಬಂದ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬುದು PÀ£ÀßqÀ ಎಂದು ಕಾಣುತ್ತದೆ. ಚಿತ್ರಕ್ಕೆ ಫಾಂಟಿನ ಹಂಗಿಲ್ಲ.

ಚಿತ್ರ ಪರದೆಯಲ್ಲಿ ಚಿಕ್ಕದಾಗಿ, ಪಕ್ಕಕ್ಕೆ ಮಲಗಿದಂತೆ ಕಂಡರೆ ಸ್ಲೈಡಿನ ತಪ್ಪಲ್ಲ. ತನ್ನನ್ನು ನಿಲ್ಲಿಸಿದ್ದಾರೆ ಎಂಬುದು ಪರದೆಗೆ ಗೊತ್ತಿಲ್ಲ ಅಷ್ಟೇ. ಪರದೆಗೆ ಚಿತ್ರ ಕಳುಹಿಸುವ ಪ್ಲೇಯರಿನ ಸೆಟ್ಟಿಂಗ್‌ನಲ್ಲಿ 90 ಡಿಗ್ರಿ ತಿರುಗಿಸಿ. ನೇರವಾಗಿ ಪೆನ್‌ಡ್ರೈವ್ ಹಾಕುವ ಪರದೆಯಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಚಿತ್ರವನ್ನೇ ತಿರುಗಿಸಿ ಉಳಿಸಿಕೊಳ್ಳಿ, ಎಡಕ್ಕೋ ಬಲಕ್ಕೋ ಎಂಬುದು ಪರದೆಯನ್ನು ಯಾವ ಕಡೆಗೆ ಹೊರಳಿಸಿ ಕೂರಿಸಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಮನೆಬಳಕೆಯ ಟಿವಿಯನ್ನೇ ನಿಲ್ಲಿಸಿದ್ದರೆ ಅದರ ಕೈಪಿಡಿ ತೆಗೆದು, ಹಾಗೆ ನಿಲ್ಲಿಸಲು ಅನುಮತಿ ಇದೆಯೇ ಎಂದು ಮೊದಲು ನೋಡಿ. ಗಾಳಿ ಹೋಗುವ ಕಿಂಡಿಗಳು ಪಕ್ಕಕ್ಕೆ ತಿರುಗಿ ಬಿಸಿ ಏರಬಹುದು, ವಾರಂಟಿಯೂ ಹೋಗಬಹುದು.

ನಿಮ್ಮ ಪರದೆಗಳ ಅಗಲ ಎಷ್ಟು, ಕೊನೆಯ ಸಾಲಿನ ಕುರ್ಚಿ ಎಷ್ಟು ದೂರ ಎಂದು ಟೇಪ್ ಹಿಡಿದು ಅಳೆದು ಇಲ್ಲೇ ಬರೆಯಿರಿ, ಜೊತೆಗೆ ನಿಮ್ಮಲ್ಲಿರುವ ಅತಿ ಉದ್ದದ ವಿಭಾಗದ ಹೆಸರನ್ನೂ ಕೊಡಿ. ಯಾವ ಗಾತ್ರದಲ್ಲಿ ಒಂದೇ ಸಾಲಿಗೆ ಹಿಡಿಯುತ್ತದೆ ಎಂದು ಲೆಕ್ಕ ಮಾಡಿ ತಿಳಿಸುತ್ತೇನೆ.