ಗ್ರೀಕರ ಹೆಸರಿನ ಹಬ್ಬಕ್ಕೆ ಏನಂತ ಹಾರೈಸಬೇಕು?

*ಪ್ರಶ್ನೆ: ನಮ್ಮ ಟೀಮಲ್ಲಿ ಅಥೆನ್ಸ್‌ನಿಂದ ಕೆಲಸ ಮಾಡೋ ಯೋರ್ಗೊಸ್ ಅಂತ ಒಬ್ಬರು ಸೀನಿಯರ್ ಇದ್ದಾರೆ. ಏಪ್ರಿಲ್ 23ಕ್ಕೆ ಅವರ ‘ನೇಮ್ ಡೇ’ ಅಂತೆ. ಬರ್ತ್‌ಡೇ ಮೆಸೇಜನ್ನೇ ಸ್ವಲ್ಪ ತಿದ್ದಿ ಕಳಿಸಿದ್ರೆ ನಡೆಯುತ್ತಾ? ಎರಡಕ್ಕೂ ಏನು ವ್ಯತ್ಯಾಸ?*

ತಿದ್ದೋದು ಬೇಡ, ಹೊಸದಾಗಿ ಎರಡು ಸಾಲು ಬರೆಯಿರಿ. ನಾನು ಕೆಲಸದ ಮೇಲೆ ಕೆಲವು ವರ್ಷ ಗ್ರೀಸಿನ ಥೆಸಲೊನಿಕಿಯಲ್ಲಿ ಇದ್ದವನು. ಅಲ್ಲಿನ ಆಫೀಸುಗಳಲ್ಲಿ ಬರ್ತ್‌ಡೇಗಿಂತ ಈ ಹೆಸರಿನ ಹಬ್ಬದ ಗದ್ದಲವೇ ಜಾಸ್ತಿ. ಅದರಲ್ಲೂ ಸ್ವಲ್ಪ ವಯಸ್ಸಾದವರಿಗೆ ಇದೇ ಮುಖ್ಯ. ಬರ್ತ್‌ಡೇ ಅಂದ್ರೆ ಮಕ್ಕಳಿಗೆ ಅನ್ನೋ ಭಾವನೆ ಹಿರಿಯರಲ್ಲಿ ಇನ್ನೂ ಇದೆ. ಚಿಕ್ಕ ವಯಸ್ಸಿನವರು ಎರಡನ್ನೂ ಮಾಡುತ್ತಾರೆ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ಆರ್ಥಡಾಕ್ಸ್ ಚರ್ಚಿನ ಪಂಚಾಂಗದಲ್ಲಿ ಪ್ರತಿ ದಿನಕ್ಕೂ ಒಬ್ಬರೋ ಹಲವರೋ ಸಂತರು ಇರುತ್ತಾರೆ. ಆ ಸಂತರ ಹೆಸರು ಇಟ್ಟುಕೊಂಡವರಿಗೆಲ್ಲ ಅವತ್ತು ಹಬ್ಬ. ಜನವರಿ 7 ಯಾನಿಸ್‌ಗಳದ್ದು, ಮೇ 21 ಕಾನ್‌ಸ್ಟಾಂಟಿನ್ ಮತ್ತು ಎಲೆನಿಗಳದ್ದು, ಆಗಸ್ಟ್ 15 ಮರಿಯಾಗಳದ್ದು, ಡಿಸೆಂಬರ್ 6 ನಿಕೊಸ್‌ಗಳದ್ದು. ಅಕ್ಟೋಬರ್ 26 ಬಂದರೆ ಥೆಸಲೊನಿಕಿಯಲ್ಲಿ ದಿಮಿತ್ರಿಸ್‌ಗಳಿಗಷ್ಟೇ ಅಲ್ಲ, ಇಡೀ ಊರಿಗೆ ರಜೆ. ಸಂತ ದಿಮಿತ್ರಿಯಸ್ ಆ ಊರಿನ ರಕ್ಷಕ ಸಂತ. ಚರ್ಚಿನ ಕಡೆ ತಲೆ ಹಾಕದವರೂ ಹೆಸರಿನ ಹಬ್ಬ ಬಿಡೋದಿಲ್ಲ. ಹಾಗಾಗಿ ‘ಇವರು ದೇವರನ್ನ ನಂಬ್ತಾರೋ ಇಲ್ವೋ’ ಅಂತ ಯೋಚನೆ ಮಾಡಬೇಡಿ.

ಹೀಗಾಗಿ ನಿಮ್ಮ ಯೋರ್ಗೊಸ್ ಅವತ್ತು ಒಬ್ಬರೇ ಹಬ್ಬ ಮಾಡುತ್ತಿರುವುದಿಲ್ಲ. ದೇಶದ ತುಂಬ ಇರೋ ಯೋರ್ಗೊಸ್‌ಗಳು, ಯೊರ್ಯಿಯಾ ಅನ್ನೋ ಹೆಣ್ಣುಮಕ್ಕಳು, ಎಲ್ಲರದ್ದೂ ಅದೇ ದಿನ. ಅವರ ಮನೆಯಲ್ಲೇ ಇನ್ನೊಬ್ಬ ಯೋರ್ಗೊಸ್ ಇದ್ದರೂ ಆಶ್ಚರ್ಯವಿಲ್ಲ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡ್ತೀವಲ್ಲ, ಅಲ್ಲೂ ಆ ಪದ್ಧತಿ ಗಟ್ಟಿಯಾಗಿದೆ. ಅಣ್ಣ ತಮ್ಮಂದಿರು ತಮ್ಮ ತಮ್ಮ ಮಗನಿಗೆ ಒಬ್ಬನೇ ತಾತನ ಹೆಸರು ಇಟ್ಟರೆ ಒಂದೇ ಮನೆತನದಲ್ಲಿ ಮೂರು ಯೋರ್ಗೊಸ್ ಆದರು ನೋಡಿ. ಆ ದಿನ ಫೋನ್ ಒಬ್ಬರಿಗೆ ಬಂದರೂ ಹಾರೈಕೆ ಮೂವರಿಗೆ ಹೋಗುತ್ತದೆ.

ಇಲ್ಲೇ ಬರ್ತ್‌ಡೇ ಮೆಸೇಜ್ ಕೈ ಕೊಡೋದು. ಬರ್ತ್‌ಡೇ ಮೆಸೇಜಲ್ಲಿ ನಾವು ಏನು ಬರೆಯುತ್ತೇವೆ? ಇನ್ನೊಂದು ವರ್ಷ ಆಯ್ತು, ವಯಸ್ಸಾಯ್ತು ಅಂತ ತಮಾಷೆ, ಈ ವರ್ಷ ನಿನ್ನ ಕನಸೆಲ್ಲ ನನಸಾಗಲಿ, ನೀನು ನಮ್ಮ ಟೀಮಿನ ಜೀವಾಳ. ಎಲ್ಲ ಆ ಒಬ್ಬ ಮನುಷ್ಯನ ಸುತ್ತ, ಅವನ ವಯಸ್ಸಿನ ಸುತ್ತ. ಹೆಸರಿನ ಹಬ್ಬದಲ್ಲಿ ವಯಸ್ಸಿನ ಮಾತೇ ಬರೋದಿಲ್ಲ. ಅವತ್ತು ಅವರಿಗೆ ಒಂದು ವರ್ಷ ಹೆಚ್ಚಾಗಿಲ್ಲ, ಮೇಣದಬತ್ತಿ ಹಚ್ಚೋದಿಲ್ಲ. ‘ಎಷ್ಟನೇದು?’ ಅಂತ ಕೇಳಿದರೆ ಅವರು ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ, ಅಷ್ಟೇ.

ಹೇಳೋ ಮಾತುಗಳು ಕೆಲವೇ, ಅವೂ ಸಿದ್ಧವಾಗಿವೆ. ‘ಹ್ರೋನ್ಯಾ ಪೊಲಾ’ ಅಂದರೆ ‘ಬಹಳ ವರ್ಷ’, ಬಹಳ ಕಾಲ ಬಾಳಿ ಅಂತ. ಇದನ್ನು ಬರ್ತ್‌ಡೇಗೂ ಹೇಳುತ್ತಾರೆ, ಕ್ರಿಸ್ಮಸ್, ಈಸ್ಟರ್‌ಗೂ ಹೇಳುತ್ತಾರೆ. ಇದೊಂದು ಬಂದರೆ ಎಲ್ಲೂ ತಪ್ಪೋದಿಲ್ಲ. ಹೆಸರಿನ ಹಬ್ಬಕ್ಕೇ ಅಂತ ಇರೋದು ಇನ್ನೊಂದು: ‘ನಾ ಹೇರೆಸೆ ತೊ ಒನೊಮಾ ಸು’. ನಿನ್ನ ಹೆಸರು ನಿನಗೆ ಸಂತೋಷ ಕೊಡಲಿ ಅನ್ನೋ ಅರ್ಥ. ಇದನ್ನು ಬರ್ತ್‌ಡೇಗೆ ಹೇಳೋದಿಲ್ಲ. ಅದೇ ಥರ ‘ನಾ ತಾ ಎಕಾತೊಸ್ತಿಸಿಸ್’, ಅಂದರೆ ನೂರು ತುಂಬಲಿ ಅನ್ನೋದು, ಬರ್ತ್‌ಡೇ ಮಾತು. ಅಲ್ಲಿ ವಯಸ್ಸಿನ ಲೆಕ್ಕ ಇದೆಯಲ್ಲ, ಅದಕ್ಕೆ.

ನಿಮ್ಮ ಸಂದರ್ಭಕ್ಕೆ ಬರೋಣ. ಅವರು ಸೀನಿಯರ್. ನೀವು ಅವರನ್ನು ಬಹುವಚನದಲ್ಲಿ ಮಾತಾಡಿಸೋರಾದರೆ ‘ನಾ ಹೇರೆಸ್ತೆ ತೊ ಒನೊಮಾ ಸಾಸ್’ ಅನ್ನಿ. ಕನ್ನಡದ ‘ನೀನು’, ‘ನೀವು’ ವ್ಯತ್ಯಾಸವೇ ಇದು. ಕಾಲ್‌ಗಳಲ್ಲಿ ಹೆಸರು ಹಿಡಿದು ಕರೆಯೋ ಸಲುಗೆ ಇದ್ದರೆ ಏಕವಚನದ ‘ಸು’ ಸಾಕು.

ಕರೆಯುವಾಗ ಒಂದು ಚಿಕ್ಕ ವಿಷಯ ಗಮನಿಸಿ. ಗ್ರೀಕರಲ್ಲಿ ಗಂಡಸರ ಹೆಸರು ಸಾಮಾನ್ಯವಾಗಿ ‘ಸ್’ನಿಂದ ಮುಗಿಯುತ್ತದೆ. ನೇರವಾಗಿ ಕರೆಯುವಾಗ ಆ ‘ಸ್’ ಬಿದ್ದುಹೋಗುತ್ತದೆ. ‘ಹ್ರೋನ್ಯಾ ಪೊಲಾ, ಯೋರ್ಗೊ!’ ಅನ್ನಬೇಕು. ದಿಮಿತ್ರಿಸ್ ಇದ್ದರೆ ದಿಮಿತ್ರಿ, ಕೊಸ್ತಾಸ್ ಇದ್ದರೆ ಕೊಸ್ತಾ. ವಿದೇಶಿಯರು ‘ಸ್’ ಸೇರಿಸಿ ಬರೆದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಬಿಟ್ಟು ಬರೆದರೆ ಮಾತ್ರ ಖಂಡಿತ ಖುಷಿಪಡುತ್ತಾರೆ.

ಹಾಗಾಗಿ ಮೆಸೇಜ್ ಇಷ್ಟೇ ಇರಲಿ: ‘ಹ್ರೋನ್ಯಾ ಪೊಲಾ, ಯೋರ್ಗೊ! ನಾ ಹೇರೆಸೆ ತೊ ಒನೊಮಾ ಸು.’ ಇದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು, ನಿಮಗೂ ಮನೆಯವರಿಗೂ ಒಳ್ಳೆಯ ದಿನವಾಗಲಿ ಅಂತ. ಹೊಗಳಿಕೆ, ಕೆಲಸದ ಗುಣಗಾನ, ಬಲೂನಿನ ಚಿತ್ರ ಏನೂ ಬೇಡ. ನಮಗೆ ಇದು ಒಣ ಒಣ ಅನ್ನಿಸಬಹುದು. ಅವರಿಗೆ ಹಾಗನ್ನಿಸೋದಿಲ್ಲ. ಅವತ್ತು ಬೆಳಗಿನಿಂದ ರಾತ್ರಿವರೆಗೆ ಇದೇ ಎರಡು ಸಾಲನ್ನು ಅವರು ಎಲ್ಲರಿಂದ ಕೇಳುತ್ತಾರೆ. ನಿಮ್ಮದೂ ಅದರಲ್ಲಿ ಸೇರಬೇಕು, ಅಷ್ಟೇ ಬೇಕಾಗಿರೋದು.

ಇನ್ನೊಂದು ಸೊಗಸು ಇದೆ. ನಮ್ಮಲ್ಲಿ ಬರ್ತ್‌ಡೇ ಹಾರೈಕೆ ಸಾಮಾನ್ಯವಾಗಿ ಹುಟ್ಟಿದವರಿಗೆ ಮಾತ್ರ. ಹೆಸರಿನ ಹಬ್ಬದ ಹಾರೈಕೆಯನ್ನು ಮನೆಯವರಿಗೂ ಸಲೀಸಾಗಿ ಹೇಳುತ್ತಾರೆ. ಮುಂದೆ ಯಾವಾಗಲೋ ಯೋರ್ಗೊಸ್ ಅವರು ‘ಇವತ್ತು ನನ್ನ ಹೆಂಡತಿ ಎಲೆನಿಯ ಹಬ್ಬ’ ಅಂದರು ಅಂತಿಟ್ಟುಕೊಳ್ಳಿ. ಆಗ ಅವರಿಗೇ ‘ನಾ ತಿ ಹೇರೆಸೆ’ ಅನ್ನಬೇಕು. ಅವಳಿಂದ ನಿನಗೆ ಸಂತೋಷ ಸಿಗುತ್ತಿರಲಿ ಅಂತ. ಮಗನದ್ದಾದರೆ ‘ನಾ ತೊನ್ ಹೇರೆಸೆ’. ಎಲೆನಿಯನ್ನು ನೀವು ನೋಡೇ ಇರದಿದ್ದರೂ ಪರವಾಗಿಲ್ಲ. ಪಕ್ಕದ ಬೀದಿಯ ಅಂಗಡಿಯವನಿಗೂ ಜನ ಹೀಗೆ ಹೇಳಿ ಹೋಗುತ್ತಾರೆ.

ಈಗ ತಾರೀಕಿನ ವಿಷಯ. ಇದನ್ನು ಸ್ವಲ್ಪ ಸಾವಕಾಶ ಓದಿ, ಯಾಕಂದ್ರೆ ಯೋರ್ಗೊಸ್‌ಗಳ ಹಬ್ಬ ಎಲ್ಲ ವರ್ಷವೂ ಏಪ್ರಿಲ್ 23ಕ್ಕೇ ಬರೋದಿಲ್ಲ. ನಮ್ಮ ಯುಗಾದಿಯ ಹಾಗೆ ಈಸ್ಟರ್ ತಾರೀಕು ಪ್ರತಿ ವರ್ಷ ಬದಲಾಗುತ್ತದೆ. ಅದರ ಹಿಂದಿನ ವಾರಗಳು ದೊಡ್ಡ ಉಪವಾಸದ ಕಾಲ. ಯೋರ್ಗೊಸ್ ಅಂದರೆ ಇಂಗ್ಲಿಷಿನ ಜಾರ್ಜ್. ಸಂತ ಜಾರ್ಜ್‌ನ ದಿನವನ್ನು ಚರ್ಚು ಈಸ್ಟರ್‌ನ ಸಂಭ್ರಮದ ಜೊತೆ ಸೇರಿಸಿ ನೋಡುತ್ತದೆ. ಹಾಗಾಗಿ ಏಪ್ರಿಲ್ 23 ಈಸ್ಟರ್‌ಗಿಂತ ಮುಂಚೆ ಬಿದ್ದರೆ, ಅಥವಾ ಈಸ್ಟರ್ ಭಾನುವಾರದಂದೇ ಬಿದ್ದರೆ, ಹಬ್ಬ ಈಸ್ಟರ್ ಮರುದಿನದ ಸೋಮವಾರಕ್ಕೆ ಹೋಗುತ್ತದೆ.

2024ರಲ್ಲಿ ಗ್ರೀಸಿನಲ್ಲಿ ಈಸ್ಟರ್ ಮೇ 5ಕ್ಕಿತ್ತು, ಯೋರ್ಗೊಸ್‌ಗಳು ಮೇ 6ಕ್ಕೆ ಹಬ್ಬ ಮಾಡಿದರು. 2025ರಲ್ಲಿ ಈಸ್ಟರ್ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 12. ಎರಡು ವರ್ಷವೂ 23ನೇ ತಾರೀಕೇ ಸರಿ. 2027ರಲ್ಲಿ ಈಸ್ಟರ್ ಮೇ 2ಕ್ಕೆ, ಹಾಗಾಗಿ ಹಬ್ಬ ಮೇ 3ಕ್ಕೆ. ನಮ್ಮ ಗೋಡೆಯ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿದರೆ ಇಲ್ಲಿ ಮೋಸ ಹೋಗುತ್ತೀರಿ. ನಮ್ಮಲ್ಲಿ ಗುಡ್ ಫ್ರೈಡೇ, ಈಸ್ಟರ್ ಅಂತ ಹಾಕಿರೋದು ಪಶ್ಚಿಮದ ಚರ್ಚುಗಳ ಲೆಕ್ಕ. 2027ರಲ್ಲಿ ಆ ಈಸ್ಟರ್ ಮಾರ್ಚ್ 28ಕ್ಕೇ ಮುಗಿದಿರುತ್ತದೆ. ‘ಈಸ್ಟರ್ ಆಗಿಹೋಯ್ತಲ್ಲ’ ಅಂತ ನೀವು ಏಪ್ರಿಲ್ 23ಕ್ಕೆ ಹಾರೈಸಿದರೆ ಅಲ್ಲಿ ಅವರಿನ್ನೂ ಉಪವಾಸದಲ್ಲಿರುತ್ತಾರೆ. ‘ಆರ್ಥಡಾಕ್ಸ್ ಈಸ್ಟರ್’ ಅಂತಲೇ ಹುಡುಕಿ ನೋಡಿ.

ಸೋಮವಾರಕ್ಕೆ ಹೋದ ವರ್ಷ ಇನ್ನೊಂದು ಬದಲಾವಣೆ ಇದೆ. ಈಸ್ಟರ್ ಸೋಮವಾರ ಗ್ರೀಸಿನಲ್ಲಿ ಸರ್ಕಾರಿ ರಜೆ. ಆಫೀಸಿನ ಚಾಟಿಗೆ ಹಾಕಿದರೆ ಅವರು ನೋಡೋದು ಅನುಮಾನ, ಸ್ವಂತ ನಂಬರಿಗೆ ಕಳಿಸಿ. ಅವರಲ್ಲಿ ವೈಬರ್ ಬಳಸೋರು ತುಂಬ. ಅವತ್ತು ಮೊದಲು ‘ಹ್ರಿಸ್ತೊಸ್ ಆನೆಸ್ತಿ’, ಕ್ರಿಸ್ತ ಎದ್ದು ಬಂದ ಅಂತ ಹೇಳಿ, ಆಮೇಲೆ ಹೆಸರಿನ ಹಬ್ಬದ ಮಾತು ಹೇಳೋದು ವಾಡಿಕೆ. ಅದಕ್ಕೆ ಅವರ ಉತ್ತರ ‘ಅಲಿಥೋಸ್ ಆನೆಸ್ತಿ’, ನಿಜವಾಗಿ ಎದ್ದ ಅಂತ. ನೀವು ಕ್ರೈಸ್ತರಲ್ಲದಿದ್ದರೆ ಬರೀ ‘ಹ್ರೋನ್ಯಾ ಪೊಲಾ’ ಅನ್ನಿ. ಅದರಲ್ಲಿ ಎರಡು ಹಬ್ಬವೂ ಸೇರಿಹೋಗುತ್ತದೆ.

ಫೋನ್ ಮಾಡಿದರೆ ಮೆಸೇಜಿಗಿಂತ ಒಂದು ತೂಕ ಜಾಸ್ತಿ, ಅದರಲ್ಲೂ ಹಿರಿಯರಿಗೆ. ಹಿಂದೆಲ್ಲ ಹಬ್ಬದವರ ಮನೆ ಬಾಗಿಲು ತೆರೆದೇ ಇರುತ್ತಿತ್ತಂತೆ, ಕರೆಯದೇ ಜನ ಸಿಹಿ ಡಬ್ಬಿ ಹಿಡಿದು ಹೋಗುತ್ತಿದ್ದರು. ಈಗ ಆ ಜಾಗಕ್ಕೆ ಫೋನ್ ಬಂದಿದೆ. ಆದರೆ ಮಧ್ಯಾಹ್ನ ಊಟದ ನಂತರ ಮಾಡಬೇಡಿ. ಅಲ್ಲಿ ಸುಮಾರು 3ರಿಂದ 5:30ರವರೆಗೆ ಸದ್ದು ಮಾಡದೆ ಇರೋ ಹೊತ್ತು, ತುಂಬ ಮಂದಿ ಮಲಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಾವು ಅವರಿಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ನಮ್ಮ ಸಂಜೆ 5:30ರಿಂದ 8ರವರೆಗೆ ಬಿಟ್ಟುಬಿಡಿ. ನಮ್ಮ ಮಧ್ಯಾಹ್ನ 2 ಗಂಟೆಗೆ ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ, ಅದು ಒಳ್ಳೆ ಹೊತ್ತು.

ಗಿಫ್ಟ್ ಕಳಿಸಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ: ಬೇಡ. ಅವತ್ತು ಖರ್ಚು ಹಬ್ಬದವರದೇ. ಬೇಕರಿಯಿಂದ ಸಿಹಿಯ ಡಬ್ಬಿ ತಂದು ಆಫೀಸಿನಲ್ಲಿ ಎಲ್ಲರ ಮೇಜಿಗೂ ಹೋಗಿ ಹಿಡಿಯುತ್ತಾರೆ. ಒಂದು ತುಂಡು ತೆಗೆದುಕೊಂಡು ‘ಹ್ರೋನ್ಯಾ ಪೊಲಾ’ ಅಂದರೆ ಆಯ್ತು. ನೀವು ದೂರದಲ್ಲಿದ್ದೀರಿ, ನಿಮ್ಮ ಪಾಲಿನ ಸಿಹಿ ಯಾರಾದ್ರೂ ತಿಂದಿರ್ತಾರೆ ಬಿಡಿ.

ಒಂದು ಎಚ್ಚರ. ಇತ್ತೀಚೆಗೆ ಅವರ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಆ ವರ್ಷ ಹಬ್ಬ ಮಾಡದೇ ಇರಬಹುದು. ಆಗ ಗುಂಪಿನ ಚಾಟಿನಲ್ಲಿ ಎಲ್ಲರ ಮುಂದೆ ಹಾಕಬೇಡಿ. ಅವರೊಬ್ಬರಿಗೇ ಒಂದು ಸಾಲು ಕಳಿಸಿ.

ಬೇರೆ ಗ್ರೀಕ್ ಸಹೋದ್ಯೋಗಿಗಳಿಗೂ ಹಾರೈಸೋ ಮನಸ್ಸಿದ್ದರೆ ಇದೂ ತಿಳಿದಿರಲಿ. ಆಫೀಸಿನಲ್ಲಿ ಕಾಣೋ ಹೆಸರು ಎಷ್ಟೋ ಸಲ ಮುದ್ದಿನ ಹೆಸರಾಗಿರುತ್ತದೆ. ‘ಸಾಕಿಸ್’ ಅಂತಿದ್ದರೆ ಪೂರ್ತಿ ಹೆಸರು ಥನಾಸಿಸ್ ಇರಬಹುದು, ಅವರ ಹಬ್ಬ ಜನವರಿ 18ಕ್ಕೆ. ‘ಆಕಿಸ್’ ಅಂದರೆ ಯಾವ ಹೆಸರಿನ ಬಾಲವಾದರೂ ಆಗಬಹುದು. ಮರಿಯಾಗಳಲ್ಲಿ ಕೆಲವರು ಆಗಸ್ಟ್ 15 ಬಿಟ್ಟು ನವೆಂಬರ್ 21ಕ್ಕೆ ಮಾಡುತ್ತಾರೆ. ಇನ್ನು ಅರಿಸ್ತೊತೆಲಿಸ್ ಥರದ ಪುರಾತನ ಕಾಲದ ಹೆಸರಿನವರಲ್ಲಿ, ತಮ್ಮ ಹೆಸರಿನ ಸಂತ ಇಲ್ಲದವರು ಸರ್ವಸಂತರ ಭಾನುವಾರ ಮಾಡುತ್ತಾರೆ. ಅದು ಈಸ್ಟರ್ ಆಗಿ ಎಂಟು ವಾರಕ್ಕೆ ಬರುತ್ತದೆ. ಕೆಲವರು ಮಾಡೋದೇ ಇಲ್ಲ. ಸುಮ್ನೆ ಊಹೆ ಮಾಡೋ ಬದಲು ‘ನಿಮ್ಮ ಹಬ್ಬ ಯಾವಾಗ?’ ಅಂತ ಕೇಳಿಬಿಡಿ. ಗ್ರೀಕರು ಒಬ್ಬರನ್ನೊಬ್ಬರು ಹಾಗೇ ಕೇಳಿಕೊಳ್ಳುತ್ತಾರೆ. ‘ಹಬ್ಬ ಮಾಡೋದಿಲ್ಲ’ ಅಂದವರಿಗೆ ಮಾತ್ರ ನಿಮ್ಮ ಬರ್ತ್‌ಡೇ ಮೆಸೇಜ್ ಎತ್ತಿಟ್ಟುಕೊಳ್ಳಿ.